ಮೊದಲು ಕಂಬಳಿ, ಆಮೇಲೆ ಮಡಕೆ

ಕೋಲಾರದ ಕಡೆ ಎರಡು ದಿನ ಸುತ್ತಾಡಿ, ನೇಕಾರರನ್ನೂ ಕುಂಬಾರರನ್ನೂ ಕಂಡು, ಮನೆಗೊಂದು ಕಂಬಳಿ, ಒಂದು ಮಡಕೆ ತರುವ ಮನಸ್ಸಿದ್ದರೆ ಪ್ರಯಾಣವನ್ನು ದೂರದ ತುದಿಯಿಂದ ಶುರುಮಾಡಬೇಕು. ಬೆಂಗಳೂರಿನಿಂದ ಹೊರಟವರು ಸಾಮಾನ್ಯವಾಗಿ ಹತ್ತಿರದ ಮಾಲೂರಿಗೆ ಮೊದಲು ಹೋಗುತ್ತಾರೆ, ಕಂಡ ಕೂಡಲೇ ಮಡಕೆ ಕೊಳ್ಳುತ್ತಾರೆ, ಆಮೇಲೆ ಅದನ್ನು ಎರಡು ದಿನ ಕಂಕುಳಲ್ಲಿಟ್ಟುಕೊಂಡು ಬಸ್ಸು ಹತ್ತಿ ಇಳಿಯುತ್ತಾರೆ. ನೇರ ಮುಳಬಾಗಿಲಿಗೆ ಹೋಗಿ, ಅಲ್ಲಿಂದ ಕೋಲಾರಕ್ಕೆ ಹಿಂದಿರುಗಿ, ಕೊನೆಗೆ ಮಾಲೂರು ಮುಟ್ಟಿ ರೈಲು ಹತ್ತಿದರೆ ಒಡೆಯುವ ವಸ್ತು ಕೊನೆಯ ಒಂದು ಗಂಟೆ ಮಾತ್ರ ನಮ್ಮ ಜೊತೆ ಇರುತ್ತದೆ. ಅಷ್ಟರಲ್ಲಿ ಅದನ್ನು ಸುತ್ತಲು ಕಂಬಳಿಯೂ ಕೈಗೆ ಬಂದಿರುತ್ತದೆ.

ಮುಳಬಾಗಿಲಿನಿಂದ ಕೋಲಾರಕ್ಕೆ 30 ಕಿಲೋಮೀಟರ್ ಆಸುಪಾಸು. ಕೋಲಾರದಿಂದ ಮಾಲೂರಿಗೂ ಹೆಚ್ಚುಕಡಿಮೆ ಅಷ್ಟೇ. ಶ್ರೀನಿವಾಸಪುರ ಕೋಲಾರದ ಉತ್ತರಕ್ಕೆ, ಇನ್ನೂ ಹತ್ತಿರ. ಕಾರಿನಲ್ಲಿ ಹೊರಟವರಿಗೆ ನಾಲ್ಕೂ ಊರನ್ನು ಒಂದೇ ದಿನ ಮುಗಿಸುವ ಆಸೆ ಹುಟ್ಟುವುದು ಸಹಜ. ಮುಗಿಸಲೂಬಹುದು. ಆದರೆ ನೋಡಬೇಕಾದ ಕೆಲಸ ಕಾಣಿಸುವುದಿಲ್ಲ. ಕಂಬಳಿ ನೇಯುವವರ ದಿನಚರಿಯನ್ನೂ ಮಡಕೆ ಮಾಡುವವರ ದಿನಚರಿಯನ್ನೂ ನಿರ್ಧರಿಸುವುದು ಬಿಸಿಲು, ಅಂದರೆ ಒಣಗುವ ಹೊತ್ತು. ಗಂಜಿ ಹಾಕಿದ ನೂಲು ಒಣಗಬೇಕು, ತಿಗರಿಯಿಂದ ಇಳಿಸಿದ ಮಣ್ಣು ಅರ್ಧ ಒಣಗಬೇಕು. ಆ ಹೊತ್ತಿಗೆ ಅಲ್ಲಿ ಇರಬೇಕೆಂದರೆ ನಾವೂ ಕಾಯಬೇಕು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕೋಲಾರದ ರೇಷ್ಮೆಯ ಹೆಸರು ಕೇಳಿ ಸೀರೆ ಕೊಳ್ಳಲು ಈ ಕಡೆ ಬರುವವರಿದ್ದಾರೆ. ಕಂಚಿ, ಮೊಳಕಾಲ್ಮೂರುಗಳಂತೆ ಸೀರೆಗೆ ಹೆಸರಾದ ಊರು ಈ ನಾಲ್ಕು ತಾಲ್ಲೂಕುಗಳಲ್ಲಿಲ್ಲ. ಇಲ್ಲಿ ಬೆಳೆಯುವುದು ಹಿಪ್ಪುನೇರಳೆ, ಮಾರುಕಟ್ಟೆಗೆ ಹೋಗುವುದು ಗೂಡು. ನೂಲಾಗಿ, ಬಣ್ಣವಾಗಿ, ಸೀರೆಯಾಗುವುದೆಲ್ಲ ಹೆಚ್ಚಾಗಿ ಬೇರೆ ಕಡೆ. ಹೆದ್ದಾರಿಯ ಅಂಗಡಿಯಲ್ಲಿ ‘ಇಲ್ಲೇ ನೇಯ್ದದ್ದು’ ಎಂದು ಯಾರಾದರೂ ರೇಷ್ಮೆ ಸೀರೆ ತೋರಿಸಿದರೆ ‘ಮಗ್ಗ ಎಲ್ಲಿದೆ, ನೋಡಬಹುದಾ?’ ಎಂದು ಕೇಳಿ. ಉತ್ತರ ತಡವರಿಸಿದರೆ 2004ರಿಂದ ಬಳಕೆಯಲ್ಲಿರುವ ಸಿಲ್ಕ್ ಮಾರ್ಕ್ ಚೀಟಿಯನ್ನಾದರೂ ಕೇಳಿ. ಅದು ದಾರ ಶುದ್ಧ ರೇಷ್ಮೆ ಎಂದು ಹೇಳುತ್ತದೆ. ಕೈಮಗ್ಗವೋ ವಿದ್ಯುತ್ ಮಗ್ಗವೋ ಎಂಬುದನ್ನು ಅದು ಹೇಳುವುದಿಲ್ಲ. ಅದಕ್ಕೆ 2006ರಲ್ಲಿ ಬಂದ ಹ್ಯಾಂಡ್‌ಲೂಮ್ ಮಾರ್ಕ್ ಬೇರೆಯೇ ಇದೆ.

ಕೋಲಾರದ ಸ್ವಂತ ನೇಯ್ಗೆ ಎಂದರೆ ಕಂಬಳಿ. ಇಪ್ಪತ್ತನೇ ಶತಮಾನದ ಆರಂಭದ ಇಂಗ್ಲಿಷ್ ಬರಹಗಳು ಕೋಲಾರ ಪಟ್ಟಣವನ್ನು ಎರಡೇ ಸಾಲಿನಲ್ಲಿ ಮುಗಿಸುವಾಗಲೂ ಒರಟು ಉಣ್ಣೆಯ ಕಂಬಳಿಯನ್ನು ಹೆಸರಿಸುತ್ತವೆ. ಅದರ ಪಕ್ಕದಲ್ಲೇ ರಫ್ತಿಗಾಗಿ ಟರ್ಕಿ ಕೋಳಿ ಸಾಕುವ ಕಸುಬನ್ನೂ ಹೇಳುತ್ತವೆ. ಕೋಳಿಗಳ ಸುದ್ದಿ ಈಗ ಯಾರಿಗೂ ನೆನಪಿಲ್ಲ. ಕಂಬಳಿ ನೇಯುವ ಕುರುಬರ ಮನೆಗಳು ಕಡಿಮೆಯಾಗಿವೆ, ಹೆಸರು ಮಾತ್ರ ಊರಿನ ನಕ್ಷೆಯಲ್ಲಿ ಕೂತಿದೆ: ಪಟ್ಟಣದಲ್ಲಿ ಕುರುಬರಪೇಟೆ ಇಂದಿಗೂ ಇದೆ. ಈಗ ಯಾವ ಹಳ್ಳಿಯಲ್ಲಿ ಮಗ್ಗ ಆಡುತ್ತಿದೆ ಎಂಬುದು ಒಂದು ವರ್ಷದಿಂದ ಇನ್ನೊಂದು ವರ್ಷಕ್ಕೆ ಬದಲಾಗುತ್ತದೆ. ಹೊರಡುವ ವಾರಕ್ಕೆ ಮುಂಚೆ ಕೋಲಾರದಲ್ಲಿರುವ ಕೈಮಗ್ಗ ಮತ್ತು ಜವಳಿ ಇಲಾಖೆಯ ಕಚೇರಿಗೆ ಫೋನು ಮಾಡಿ ವಿಚಾರಿಸುವುದು ಒಳ್ಳೆಯದು. ಸಂತೆಯಲ್ಲಿ ಕಂಬಳಿ ಹಾಸಿಕೊಂಡು ಕೂತವರನ್ನು ‘ಯಾವೂರಿಂದ ತರ್ತೀರಾ ತಾತ?’ ಎಂದು ಕೇಳಿದರೂ ಸಾಕು. ಮುಳಬಾಗಿಲು, ಶ್ರೀನಿವಾಸಪುರದ ಹಳ್ಳಿಗಳಲ್ಲಿ ಮನೆಮಾತು ಹೆಚ್ಚಾಗಿ ತೆಲುಗು. ಅಲ್ಲಿ ಕಂಬಳಿಗೆ ಗೊಂಗಡಿ, ಮಡಕೆಗೆ ಕುಂಡ ಎಂದರೆ ದಾರಿ ಬೇಗ ಸಿಗುತ್ತದೆ.

ಶನಿವಾರ ಬೆಳಿಗ್ಗೆ ಮುಳಬಾಗಿಲಿನಲ್ಲಿ ದೋಸೆ ತಿಂದು ಆವಣಿಯ ಕಡೆ ಹೋಗಿ ಬನ್ನಿ. ಅಲ್ಲಿನ ರಾಮಲಿಂಗೇಶ್ವರ ಗುಡಿಗಳ ಅಂಗಳದಲ್ಲಿ ಮಧ್ಯಾಹ್ನದ ಬಿಸಿಲು ಇಳಿಯುವವರೆಗೆ ಕೂತಿದ್ದರೂ ದಿನ ವ್ಯರ್ಥವಾಗಲಿಲ್ಲ. ರಾತ್ರಿ ಕೋಲಾರದಲ್ಲಿ ಉಳಿಯಿರಿ. ಕಂಬಳಿಯ ಕೆಲಸದಲ್ಲಿ ನೋಡಲೇಬೇಕಾದ ಹಂತ ಬೆಳಗಿನ ಬಿಸಿಲಿನಲ್ಲಿ ನಡೆಯುತ್ತದೆ. ಬೆಂಗಳೂರಿನಿಂದ ಅದೇ ದಿನ ಬಂದವರಿಗೆ ಅದು ಮುಗಿದೇ ಹೋಗಿರುತ್ತದೆ.

ಆ ಹಂತ ಹೀಗೆ. ಹಾಸಿನ ನೂಲನ್ನು ಬೀದಿಯುದ್ದಕ್ಕೆ ಅಥವಾ ಮರದ ನೆರಳು ತಪ್ಪಿದ ಬಯಲಿನಲ್ಲಿ ಬಿಗಿದು ಕಟ್ಟಿರುತ್ತಾರೆ. ಹುಣಸೆ ಬೀಜವನ್ನು ಹುರಿದು, ಸಿಪ್ಪೆ ತೆಗೆದು, ನೆನೆಸಿ ಅರೆದು, ಕುದಿಸಿದ ಗಂಜಿ ಒಂದು ಪಾತ್ರೆಯಲ್ಲಿ. ಒಬ್ಬರು ಅದನ್ನು ನೂಲಿಗೆ ಹಚ್ಚುತ್ತಾ ಹೋದರೆ, ಹಿಂದೆಯೇ ಇನ್ನೊಬ್ಬರು ದೊಡ್ಡ ಕುಂಚದಿಂದ ಒಂದೇ ದಿಕ್ಕಿಗೆ ಬಾಚುತ್ತಾ ಬರುತ್ತಾರೆ. ದಖ್ಖನಿನ ಕುರಿಯ ಉಣ್ಣೆ ಗಿಡ್ಡ, ಒರಟು. ಕೈಯಲ್ಲಿ ನೂತ ನೂಲಿನ ಮೈಮೇಲೆಲ್ಲ ಕೂದಲು ಎದ್ದಿರುತ್ತದೆ. ಹಾಗೆಯೇ ಮಗ್ಗಕ್ಕೆ ಏರಿಸಿದರೆ ಎಳೆಗಳು ಒಂದಕ್ಕೊಂದು ತೊಡರಿ ಕಡಿದುಹೋಗುತ್ತವೆ. ಗಂಜಿ ಆ ಕೂದಲನ್ನೆಲ್ಲ ನೂಲಿಗೆ ಅಂಟಿಸಿ ಮಲಗಿಸುತ್ತದೆ. ಹೊತ್ತು ಏರಿ ಬಿಸಿಲು ಚುರುಕಾದರೆ ಬಾಚುವ ಮೊದಲೇ ಗಂಜಿ ಗಟ್ಟಿಯಾಗಿ ಎಳೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಮೋಡವಿದ್ದರೆ ಒಣಗುವುದೇ ಇಲ್ಲ. ಅದಕ್ಕೇ ಬೆಳಗಿನ ಹೊತ್ತು. ಮಳೆಯ ಸೂಚನೆ ಇದ್ದ ದಿನ ಈ ಕೆಲಸವನ್ನು ಯಾರೂ ಹಚ್ಚಿಕೊಳ್ಳುವುದಿಲ್ಲ. ನೀವು ಬರುತ್ತೀರೆಂದು ಮೊದಲೇ ಹೇಳಿದ್ದರೂ ಅಷ್ಟೇ.

ಒಣಗಿದ ಹಾಸು ಗುಳಿಮಗ್ಗಕ್ಕೆ ಹೋಗುತ್ತದೆ. ನೇಯುವವರು ಗುಳಿಯಲ್ಲಿ ಕಾಲು ಇಳಿಬಿಟ್ಟು ನೆಲದ ಮಟ್ಟದಲ್ಲಿ ಕೂತಿರುತ್ತಾರೆ. ಮಗ್ಗದ ಮುಂದೆ ನಿಂತು ನೋಡುವವರ ನೆರಳು ನೇರ ಅವರ ಕೈಮೇಲೆ ಬೀಳುತ್ತದೆ. ಪಕ್ಕಕ್ಕೆ ಸರಿದು ನೆಲದ ಮೇಲೆ ಕೂತರೆ ಲಾಳಿಯ ಓಟವೂ ಕಾಣುತ್ತದೆ, ಮಾತಿಗೂ ಅನುಕೂಲ.

ಈಗ ಬೆಲೆಯ ಮಾತು. ಕಂಬಳಿಯ ಬೆಲೆ ಹೆಚ್ಚಾಯಿತೆಂದು ಅನ್ನಿಸಿದಾಗ ನಾನು ಮಾಡುವ ಲೆಕ್ಕವೊಂದಿದೆ. ಒರಟು ಉಣ್ಣೆಯ ನಾಡಕುರಿಯನ್ನು ವರ್ಷಕ್ಕೆ ಎರಡು ಸಲ ಕತ್ತರಿಸುತ್ತಾರೆ. ಒಂದು ಸಲಕ್ಕೆ ಒಂದು ಕುರಿಯಿಂದ ಸಿಗುವುದು ಕಾಲು ಕಿಲೋ ಆಸುಪಾಸು. ಅದರಲ್ಲಿ ಮಣ್ಣು, ಮುಳ್ಳು, ಜಿಡ್ಡು ಹೋಗಿ ಉಳಿದದ್ದು ನೂಲು. ಎರಡು ಕಿಲೋ ತೂಗುವ ಕಂಬಳಿಗೆ ಹತ್ತು ಕುರಿಗಳ ಒಂದು ಕತ್ತರಿ ಉಣ್ಣೆ ಬೇಕು. ಅದನ್ನು ಬಿಡಿಸಿ, ಹಿಂಜಿ, ಹೆಂಗಸರು ಮನೆಗೆಲಸದ ನಡುವೆ ರಾಟೆಯಲ್ಲಿ ನೂಲುವುದಕ್ಕೆ ವಾರಕ್ಕೂ ಮೇಲೆ ಹಿಡಿಯುತ್ತದೆ. ನೇಯ್ಗೆಯ ಪಾಲು ಅದರ ಮುಂದೆ ಸಣ್ಣದು, ಒಂದೆರಡು ದಿನ. ನೋಡಲು ಬಂದವರ ಕಣ್ಣು, ಕ್ಯಾಮೆರಾ ಎರಡೂ ಮಗ್ಗದ ಮೇಲೆ. ಕೂಲಿಯ ಬಹುಪಾಲು ಕೂತಿರುವುದು ಹಜಾರದ ಮೂಲೆಯ ರಾಟೆಯಲ್ಲಿ. ನಿಮಗೆ ಹೇಳಿದ ಬೆಲೆಯನ್ನು ಈ ಹತ್ತು ದಿನಗಳಿಗೆ ಹಂಚಿ ನೋಡಿ. ಹೊಲದ ಕೂಲಿಗಿಂತ ಅದು ಕಡಿಮೆ ಬಂದರೆ ಚೌಕಾಸಿಗೆ ಅಲ್ಲಿ ಜಾಗವೇ ಇಲ್ಲ. ತೀರಾ ಅಗ್ಗವಾಗಿ ಬಂದರೆ ಆ ಕಂಬಳಿಯ ನೂಲು ಕೈಯಲ್ಲಿ ನೂತದ್ದಲ್ಲ ಎಂದು ತಿಳಿಯಬೇಕು.

ಉಣ್ಣೆ ಸಿಗುವುದೂ ಈಗ ಕಷ್ಟ. ಮಾಂಸಕ್ಕೆ ಬೆಲೆ ಬಂದ ಮೇಲೆ ದಖ್ಖನಿನ ಉದ್ದಕ್ಕೂ ಕುರಿಗಾಹಿಗಳು ಬೇಗ ಬೆಳೆಯುವ, ಎತ್ತರದ ನೆಲ್ಲೂರು ತಳಿಯ ಟಗರುಗಳನ್ನು ತಂದು ಹಿಂಡಿಗೆ ಬಿಟ್ಟರು. ನೆಲ್ಲೂರು ಕುರಿಯ ಮೈಮೇಲೆ ಇರುವುದು ಕೂದಲು, ಉಣ್ಣೆಯಲ್ಲ. ಒಂದೆರಡು ತಲೆಮಾರಿನ ಮಿಶ್ರಣದಲ್ಲಿ ಹಿಂಡಿನಿಂದ ಉಣ್ಣೆಯೇ ಹೊರಟುಹೋಗುತ್ತದೆ. ಕುರಿಗಾಹಿಗೆ ಇದರಲ್ಲಿ ನಷ್ಟವಿಲ್ಲ. ಉಣ್ಣೆ ಕತ್ತರಿಸುವ ಕೂಲಿಯೇ ಉಣ್ಣೆಯ ಬೆಲೆಗಿಂತ ಹೆಚ್ಚಾದ ಕಾಲದಲ್ಲಿ ಅವನು ಮಾಡಿದ್ದು ಸರಿಯಾದ ಲೆಕ್ಕವೇ. ಮಗ್ಗ ನಿಲ್ಲುವುದಕ್ಕೆ ನೇಕಾರನ ಮಗ ಪಟ್ಟಣಕ್ಕೆ ಹೋದದ್ದನ್ನು ಮಾತ್ರ ಕಾರಣ ಮಾಡುವವರು ಈ ಟಗರನ್ನು ಮರೆಯುತ್ತಾರೆ.

ಕಾನೂನಿನ ಆಸರೆಯೂ ಇದೆ, ಹೆಚ್ಚು ಜನಕ್ಕೆ ಗೊತ್ತಿಲ್ಲ. ಕೈಮಗ್ಗಕ್ಕೆಂದೇ ಕೆಲವು ವಸ್ತುಗಳನ್ನು ಮೀಸಲಿಡುವ 1985ರ ಕೇಂದ್ರ ಕಾಯ್ದೆಯ ಪಟ್ಟಿಯಲ್ಲಿ ಈಗ 11 ವಸ್ತುಗಳಿವೆ. ಸೀರೆ, ಪಂಚೆಗಳ ಜೊತೆ ಕಂಬಳಿಯೂ ಅದರಲ್ಲಿದೆ. ಆದರೂ ಪಾಣಿಪತ್ತಿನ ಕಾರ್ಖಾನೆಗಳಲ್ಲಿ ಹಳೆಯ ಉಣ್ಣೆ ಬಟ್ಟೆಗಳನ್ನು ಹರಿದು, ಮತ್ತೆ ನೂತು ಮಾಡಿದ ಹೊದಿಕೆಗಳು ‘ಕಂಬಳಿ’ ಎಂಬ ಹೆಸರಿನಲ್ಲೇ ನಮ್ಮ ಸಂತೆಗಳಿಗೆ ಬರುತ್ತವೆ. ಬೆಚ್ಚಗಿಡುವುದರಲ್ಲಿ ಅವೂ ಕಡಿಮೆಯಿಲ್ಲ. ಅದರ ಬೆಲೆಗೆ ಅದು ಸರಿ, ಕೈಮಗ್ಗದ ಬೆಲೆಗೆ ಕೊಂಡರೆ ಮೋಸ.

ಗುರುತು ಹಿಡಿಯುವುದು ಕಷ್ಟವಲ್ಲ. ಕೈನೂಲು ಒಂದೇ ದಪ್ಪ ಇರುವುದಿಲ್ಲ. ಅಂಚಿನ ಒಂದು ಎಳೆಯನ್ನು ಅಂಗೈ ಅಗಲದಷ್ಟು ನೋಡಿದರೂ ಎಲ್ಲೋ ಉಬ್ಬು, ಎಲ್ಲೋ ಸಣಕಲು ಕಾಣಬೇಕು. ಹೊಸ ಕಂಬಳಿ ಗಂಜಿಯಿಂದಾಗಿ ಗಡುಸಾಗಿ, ಮೈಗೆ ಚುಚ್ಚುವಂತಿರುತ್ತದೆ, ಕುರಿಯ ವಾಸನೆಯೂ ಇರುತ್ತದೆ. ಮೃದುವಾಗಿ, ಪರಿಮಳವಾಗಿ ಇದ್ದರೆ ಅನುಮಾನ ಪಡಿ. ಕರಿಯ ಬಣ್ಣ ಕುರಿಯದ್ದೋ ಬಣ್ಣದ ಪುಡಿಯದ್ದೋ ತಿಳಿಯಲು ಒದ್ದೆ ಬಿಳಿ ಕರ್ಚೀಫಿನಿಂದ ಉಜ್ಜಿ. ಕುರಿಯ ಕಪ್ಪು ಅಂಟುವುದಿಲ್ಲ, ಮತ್ತು ಅದು ಅಚ್ಚ ಕಪ್ಪೂ ಅಲ್ಲ, ಬಿಸಿಲಿಗೆ ಹಿಡಿದರೆ ಕಂದು ಛಾಯೆ ಕಾಣುತ್ತದೆ. ಇನ್ನೂ ಸಂಶಯವಿದ್ದರೆ ಒಂದು ತುಂಡು ಎಳೆ ಕೇಳಿ ಪಡೆದು ಬೆಂಕಿಕಡ್ಡಿಗೆ ಹಿಡಿಯಿರಿ. ಉಣ್ಣೆ ಸುಟ್ಟ ಕೂದಲಿನ ವಾಸನೆ ಕೊಟ್ಟು, ಬೆರಳಲ್ಲಿ ಪುಡಿಯಾಗುವ ಬೂದಿಯಾಗುತ್ತದೆ. ಅಕ್ರಿಲಿಕ್ ಕರಗಿ ಗಟ್ಟಿ ಮಣಿಯಾಗುತ್ತದೆ. ಮಾಲೀಕರ ಮುಂದೆಯೇ, ಅವರನ್ನು ಕೇಳಿಯೇ ಇದನ್ನು ಮಾಡಬೇಕು. ನಿಜವಾದ ನೇಕಾರರು ಬೇಸರಪಡುವುದಿಲ್ಲ, ಹೆಚ್ಚಾಗಿ ಕಡ್ಡಿಯನ್ನು ತಾವೇ ಗೀರುತ್ತಾರೆ.

ಮನೆಯಲ್ಲಿ ಹೊದೆಯಲು ಚುಚ್ಚುತ್ತದೆಂದು ಹಿಂಜರಿಯುವವರು ಆಸನಕ್ಕಾಗುವಷ್ಟು ಸಣ್ಣ ತುಂಡು ಕೊಳ್ಳಬಹುದು, ಅಥವಾ ಹಾಸಿಗೆಯ ಮೇಲೆ ಹತ್ತಿಯ ದುಪ್ಪಟಿಯ ಕೆಳಗೆ ಹಾಸಬಹುದು. ಬಿಸಿನೀರು, ತೊಳೆಯುವ ಯಂತ್ರ ಎರಡೂ ಕೂಡದು, ಉಣ್ಣೆ ಕುಗ್ಗಿ ಗಂಟಾಗುತ್ತದೆ. ವರ್ಷಕ್ಕೆ ಎರಡು ಮೂರು ಸಲ ಬಿಸಿಲಿಗೆ ಹಾಕಿ ಕೊಡವಿ, ಒಣ ಬೇವಿನ ಸೊಪ್ಪಿನ ಜೊತೆ ಮಡಚಿಟ್ಟರೆ ನುಸಿ ಹತ್ತಿರ ಬರುವುದಿಲ್ಲ.

ಶ್ರೀನಿವಾಸಪುರವನ್ನು ಈ ಸುತ್ತಿನಲ್ಲಿ ಬಿಟ್ಟುಬಿಡಿ ಎಂದೇ ನನ್ನ ಸಲಹೆ. ಅದು ಮಾವಿನ ಊರು, ಮೇ–ಜೂನಿನಲ್ಲಿ ಮಂಡಿ ತುಂಬಿದಾಗ ಬೇರೆಯೇ ಹೋಗಬೇಕು. ರೇಷ್ಮೆ ನೋಡುವ ಆಸಕ್ತಿಯಿದ್ದವರು ಮಾತ್ರ ಶನಿವಾರ ಸಂಜೆಯನ್ನು ಅಲ್ಲಿಗೆ ಕೊಡಬಹುದು. ಹುಳು ಹಣ್ಣಾಗಿ ಚಂದ್ರಿಕೆಗೆ ಏರಿಸಿದ ದಿನಗಳಲ್ಲಿ ಹೋದರೆ ಗೂಡು ಕಟ್ಟುವುದು ಕಣ್ಣೆದುರೇ ಕಾಣುತ್ತದೆ. ಹುಳುಮನೆಗೆ ಕೇಳದೆ ಕಾಲಿಡಬಾರದು. ಬಾಗಿಲಲ್ಲಿಟ್ಟ ಔಷಧಿ ನೀರಿನಲ್ಲಿ ಕಾಲು ಅದ್ದಿ, ಕೈ ತೊಳೆದುಕೊಂಡು ಹೋಗಬೇಕು. ಸೆಂಟು ಪೂಸಿಕೊಂಡವರು, ಸೊಳ್ಳೆಯ ಮುಲಾಮು ಹಚ್ಚಿಕೊಂಡವರು, ತಂಬಾಕು ಮುಟ್ಟಿದವರು ಹೊರಗೇ ಉಳಿಯುವುದು ಮರ್ಯಾದೆ. ಒಂದು ಬೆಳೆಯ ಹುಳುವೆಂದರೆ ಆ ಮನೆಯ ತಿಂಗಳ ಸಂಪಾದನೆ.

ಮಾಲೂರಿನಲ್ಲಿ ಮಣ್ಣಿನ ಕೆಲಸ ಎರಡು ಬಗೆ. ಊರಿನ ಸುತ್ತ ಕಾಣುವ ಎತ್ತರದ ಚಿಮಣಿಗಳು ಹೆಂಚು, ಇಟ್ಟಿಗೆ ಕಾರ್ಖಾನೆಗಳವು. ಮಂಗಳೂರಿನ ಜೆಪ್ಪುವಿನಲ್ಲಿ 1865ರಲ್ಲಿ ಬಾಸೆಲ್ ಮಿಷನ್ನಿನ ಪ್ಲೆಬ್‌ಸ್ಟ್ ಶುರುಮಾಡಿದ ಹೆಂಚಿನ ಬಗೆಯೇ ಇಲ್ಲಿಯೂ ಅಚ್ಚಾಗುತ್ತದೆ. ಜೊತೆಗೆ ಟೊಳ್ಳು ಇಟ್ಟಿಗೆ, ತೋಟದ ಕುಂಡಗಳು. ಅಲ್ಲಿ ಮಣ್ಣನ್ನು ಯಂತ್ರ ಹದಮಾಡುತ್ತದೆ, ಯಂತ್ರವೇ ಅಚ್ಚಿನಿಂದ ತಳ್ಳುತ್ತದೆ. ಬಾಲ್ಕನಿಗೆ ಗಿಡದ ಕುಂಡ ಬೇಕಿದ್ದರೆ ಈ ಕಾರ್ಖಾನೆಗಳ ಮುಂದಿನ ಮಳಿಗೆಯೇ ಸರಿ. ಅದಕ್ಕಾಗಿ ಕುಂಬಾರರ ಮನೆ ಹುಡುಕುವ ಅಗತ್ಯವಿಲ್ಲ. ನೀರಿನ ಮಡಕೆ, ಅಡುಗೆಯ ಗಡಿಗೆ ಬೇಕಿದ್ದರೆ ಕುಂಬಾರರ ಬೀದಿಗೆ ಹೋಗಿ.

ಇಬ್ಬರೂ ನಂಬಿರುವುದು ಕೆರೆಯ ಅಂಗಳದ ಜೇಡಿಮಣ್ಣನ್ನು. ನಿತ್ಯ ಹರಿಯುವ ನದಿಯಿಲ್ಲದ ಈ ಜಿಲ್ಲೆ ತುಂಬ ಕೆರೆಗಳಿವೆ. ಸುತ್ತಲಿನ ಗುಡ್ಡಗಳ ಕಲ್ಲು ಸವೆದು ಬಂದ ನುಣ್ಣನೆಯ ಮಣ್ಣು ತಳದಲ್ಲಿ ಕೂರುತ್ತದೆ. ಬೇಸಿಗೆಯಲ್ಲಿ ಕೆರೆ ಒಣಗಿದಾಗ ವರ್ಷಕ್ಕಾಗುವಷ್ಟು ಮಣ್ಣನ್ನು ಕುಂಬಾರರು ಹೊತ್ತು ತಂದು ಮನೆ ಪಕ್ಕ ರಾಶಿ ಹಾಕುವುದು ರೂಢಿ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರು ಕೋಲಾರದ ಕೆರೆಗಳಿಗೆ ಬರುತ್ತಿದೆ. ಕೊಳವೆಬಾವಿಯ ರೈತನಿಗೆ ಇದರಿಂದ ಒಳ್ಳೆಯದಾಯಿತೆಂದು ಒಂದು ವಾದ, ಆ ನೀರಿನ ಗುಣದ ಬಗ್ಗೆ ಇನ್ನೊಂದು. ಕುಂಬಾರರ ವಿಷಯ ಯಾರ ವಾದದಲ್ಲೂ ಬರುವುದಿಲ್ಲ: ಬೇಸಿಗೆಯಲ್ಲೂ ತುಂಬಿರುವ ಕೆರೆಯಿಂದ ಮಣ್ಣು ತೆಗೆಯಲಾಗುವುದಿಲ್ಲ.

ಕುಂಬಾರರ ಮನೆಯಲ್ಲಿ ಅರ್ಧ ಗಂಟೆ ಇದ್ದವರು ನೋಡುವುದು ತಿಗರಿಯನ್ನು ಮಾತ್ರ. ಮಣ್ಣು ಕೈಯೊಳಗೆ ಏಳುವುದನ್ನು ನೋಡಿ, ಫೋಟೋ ತೆಗೆದು, ಮಕ್ಕಳ ಬೆರಳನ್ನೂ ಒಮ್ಮೆ ಮುಟ್ಟಿಸಿ ಹೊರಡುತ್ತಾರೆ. ಆದರೆ ತಿಗರಿಯಿಂದ ಇಳಿದದ್ದು ಇನ್ನೂ ಮಡಕೆಯಲ್ಲ. ಅದರ ಬಾಯಿ, ಕುತ್ತಿಗೆ ಆಗಿರುತ್ತದೆ, ಗೋಡೆ ಮಾತ್ರ ದಪ್ಪ, ತಳ ತೆರೆದೇ ಇರುತ್ತದೆ. ದಾರದಿಂದ ಕೊಯ್ದು ತೆಗೆದ ಈ ಕೊಳವೆಯನ್ನು ನೆರಳಲ್ಲಿ ಇಟ್ಟು, ಬೆರಳು ಒತ್ತಿದರೆ ಗುರುತು ಬೀಳುವ ಆದರೆ ಅಂಟದ ಹದಕ್ಕೆ ಬರುವವರೆಗೆ ಕಾಯುತ್ತಾರೆ. ಬೇಸಿಗೆಯಾದರೆ ಕೆಲವು ಗಂಟೆ, ಮೋಡವಿದ್ದರೆ ಮರುದಿನ. ಆಮೇಲೆ ಬಡಿಯುವ ಕೆಲಸ. ಒಳಗೆ ಎಡಗೈಯಲ್ಲಿ ಉರುಟು ಕಲ್ಲು, ಹೊರಗೆ ಬಲಗೈಯಲ್ಲಿ ಮರದ ಹಲಗೆ. ಕಲ್ಲಿಗೆ ಎದುರಾಗಿ ಹಲಗೆ ಬೀಳಬೇಕು, ಪ್ರತಿ ಏಟಿಗೂ ಮಡಕೆ ಒಂದಿಷ್ಟು ತಿರುಗಬೇಕು. ಗೋಡೆಯ ದಪ್ಪ ಮಣ್ಣು ಹಿಗ್ಗುತ್ತಾ ಕೆಳಗೆ ಇಳಿದು, ತೆರೆದಿದ್ದ ತಳ ಮುಚ್ಚಿ ದುಂಡಗಾಗುತ್ತದೆ. ಗೋಡೆ ತೆಳುವಾಗುವುದೂ ಮಣ್ಣಿನ ಕಣಗಳು ಒತ್ತಾಗಿ ಕೂರುವುದೂ ಇಲ್ಲೇ. ಇದನ್ನು ಒಂದೇ ಸಲಕ್ಕೆ ಮುಗಿಸುವುದಿಲ್ಲ, ಒಂದು ಸುತ್ತು ಬಡಿದು, ಮತ್ತೆ ಒಣಗಿಸಿ, ಮತ್ತೆ ಬಡಿಯುತ್ತಾರೆ. ಆದ್ದರಿಂದ ಭಾನುವಾರ ಹನ್ನೊಂದರ ಹೊತ್ತಿಗೆ ಮಾಲೂರು ಸೇರಿ, ತಿಗರಿ ನೋಡಿ, ಊಟ ಮಾಡಿ ಬಂದು, ನಾಲ್ಕು ಗಂಟೆಗೆ ಮತ್ತೆ ಅದೇ ಮನೆಯ ಮುಂದೆ ಕೂರಿ. ಎರಡನೇ ಸಲ ಬಂದವರಿಗೆ ಸಿಗುವ ಮಾತೇ ಬೇರೆ. ‘ಅಮ್ಮಾ, ಇದನ್ನೂ ನೋಡ್ಕೊಂಡು ಹೋಗಿ’ ಎಂದು ಅವರೇ ಕರೆಯುತ್ತಾರೆ.

ಈಗ ಅನೇಕ ಮನೆಗಳಲ್ಲಿ ವಿದ್ಯುತ್ ತಿಗರಿ ಬಂದಿದೆ. ಕೋಲು ಹಾಕಿ ತಿರುಗಿಸುವ ಕಲ್ಲಿನ ತಿಗರಿ ಕಾಣಲಿಲ್ಲವೆಂದು ಮುಖ ಸಣ್ಣ ಮಾಡಬೇಡಿ. ಭುಜ ನೋವಿನ ಕೆಲಸ ತಪ್ಪಿತು, ಅಷ್ಟೇ. ತಳ ಮುಚ್ಚುವ ಏಟಿಗೆ ಇನ್ನೂ ಯಂತ್ರ ಬಂದಿಲ್ಲ.

ಸುಡುವುದು ಆವಿಗೆಯಲ್ಲಿ. ಒಣಗಿದ ಮಡಕೆಗಳನ್ನು ಒತ್ತಾಗಿ ಜೋಡಿಸಿ, ನಡುವೆ ಸೌದೆ, ಬೆರಣಿ, ತೆಂಗಿನ ಮಟ್ಟೆ ಇಟ್ಟು, ಮೇಲೆ ಹುಲ್ಲು ಹಾಸಿ ಮಣ್ಣು ಮೆತ್ತಿ ನಿಧಾನ ಉರಿ ಕೊಡುತ್ತಾರೆ. ಶಾಖ ಸುಮಾರು 700ರಿಂದ 850 ಡಿಗ್ರಿ ಸೆಲ್ಸಿಯಸ್‌ವರೆಗೆ ಏರುತ್ತದೆ. ಗೋಡೆಯಲ್ಲಿ ತೇವ ಉಳಿದಿದ್ದರೆ ಮೊದಲ ಗಂಟೆಯಲ್ಲೇ ಆವಿ ನುಗ್ಗಿ ಮಡಕೆ ಸಿಡಿಯುತ್ತದೆ, ಪಕ್ಕದ ನಾಲ್ಕನ್ನೂ ಒಡೆಯುತ್ತದೆ. ಕಾರ್ಖಾನೆಯ ಹೆಂಚು ಇದಕ್ಕಿಂತ ಹೆಚ್ಚು ಶಾಖದಲ್ಲಿ ಬೇಯುತ್ತದೆ, ಅದಕ್ಕೇ ಗಟ್ಟಿ. ಆದರೆ ನೀರಿನ ಮಡಕೆ ಅಷ್ಟು ಬೇಯಬಾರದು. ಗೋಡೆಯಲ್ಲಿ ಸೂಕ್ಷ್ಮ ರಂಧ್ರಗಳು ಉಳಿದರೆ ಮಾತ್ರ ನೀರು ಹೊರಮೈಗೆ ಜಿನುಗಿ, ಆರಿ, ಒಳಗಿನದನ್ನು ತಣ್ಣಗಾಗಿಸುತ್ತದೆ.

ಅಂಗಳದಲ್ಲಿ ಜೋಡಿಸಿದ ಮಡಕೆಗಳಲ್ಲಿ ಒಂದನ್ನು ಆರಿಸುವಾಗ ನಾನು ನೋಡುವುದನ್ನು ಹೇಳುತ್ತೇನೆ. ಮೊದಲು ಬೆರಳ ಗಂಟಿನಿಂದ ತಟ್ಟಿ ಕೇಳಬೇಕು. ಟಣ್ ಎಂದರೆ ಸರಿ, ಬಡ್ಡು ಸದ್ದು ಬಂದರೆ ಎಲ್ಲೋ ಕೂದಲು ಬಿರುಕಿದೆ, ಅಥವಾ ಸರಿಯಾಗಿ ಬೆಂದಿಲ್ಲ. ಬೇಯದ ಮಡಕೆಯ ತಳವನ್ನು ಒದ್ದೆ ಮಾಡಿ ಉಗುರಿನಿಂದ ಗೀರಿದರೆ ಕೆಸರು ಬರುತ್ತದೆ. ಹೊಗೆ ಹಿಡಿದ ಕಪ್ಪು ಮಚ್ಚೆ ದೋಷವಲ್ಲ, ಉರಿ ತಾಗಿದ ಗುರುತು. ನಗರದ ಗಿರಾಕಿಗಳು ಅದನ್ನು ಬೇಡವೆಂದು ಪಕ್ಕಕ್ಕಿಟ್ಟ ಮಡಕೆಯನ್ನು ನಾನು ಸಂತೋಷದಿಂದ ಎತ್ತಿಕೊಳ್ಳುತ್ತೇನೆ. ನಿಜವಾಗಿ ಹೆದರಬೇಕಾದದ್ದು ಗೋಡೆಯಲ್ಲಿ ಸಾಸಿವೆ ಗಾತ್ರದ ಬಿಳಿ ಚುಕ್ಕೆ ಕಂಡರೆ. ಕೆರೆಮಣ್ಣಿನಲ್ಲಿ ಸುಣ್ಣದ ಹರಳುಗಳಿರುತ್ತವೆ. ಮಣ್ಣು ತುಳಿಯುವಾಗ ಕಾಲಿಗೆ ಸಿಕ್ಕವನ್ನು ಆರಿಸಿ ಎಸೆಯುತ್ತಾರೆ, ಕೆಲವು ತಪ್ಪಿಸಿಕೊಳ್ಳುತ್ತವೆ. ಅವು ಆವಿಗೆಯಲ್ಲಿ ಸುಟ್ಟ ಸುಣ್ಣವಾಗಿ, ಆಮೇಲೆ ಗಾಳಿಯ ತೇವ ಹೀರಿ ಉಬ್ಬಿ, ಮನೆಗೆ ತಂದ ಎಷ್ಟೋ ದಿನದ ಮೇಲೆ ಗೋಡೆಯ ಒಂದು ಚಕ್ಕೆಯನ್ನು ಹಾರಿಸುತ್ತವೆ. ಕೊಂಡವರು ‘ಏನೂ ತಾಗಲಿಲ್ಲ, ತಾನೇ ಒಡೆಯಿತು’ ಎನ್ನುತ್ತಾರೆ. ಅವರು ಹೇಳುವುದು ನಿಜ.

ಕೊನೆಗೆ ನೀರು ತುಂಬಿಸಿ ಒಣ ನೆಲದ ಮೇಲೆ ಹತ್ತು ನಿಮಿಷ ಇಡಲು ಕೇಳಿ. ಮೈಯೆಲ್ಲ ಸಮನಾಗಿ ತೇವವಾದರೆ ಒಳ್ಳೆಯ ಮಡಕೆ. ಒಂದೇ ಕಡೆ ಹನಿ ಕಟ್ಟಿ ಇಳಿದರೆ ಬಿರುಕು. ಎಷ್ಟು ಹೊತ್ತಾದರೂ ಒಣಗಿಯೇ ಇದ್ದರೆ ಹೊರಗೆ ವಾರ್ನಿಷ್ ಅಥವಾ ಪೇಂಟ್ ಬಳಿದಿದ್ದಾರೆ, ಅದು ನೀರು ತಣಿಸುವುದಿಲ್ಲ. ಕೆಮ್ಮಣ್ಣಿನ ಕಾವಿ ಬೇರೆ, ಥಳಥಳಿಸುವ ಕೆಂಪು ಬೇರೆ. ಅಡುಗೆಯ ಗಡಿಗೆ ಬೇಕಿದ್ದರೆ ಅಡುಗೆಗೇ ಎಂದು ಹೇಳಿ ಕೇಳಿ. ಅದರ ಮಣ್ಣಿಗೆ ಮರಳು ಹೆಚ್ಚು ಬೆರೆಸಿರುತ್ತಾರೆ, ಬೆಂಕಿಯ ಏರಿಳಿತವನ್ನು ಅದು ತಡೆದುಕೊಳ್ಳುತ್ತದೆ. ನೀರಿನ ಮಡಕೆಯನ್ನು ಒಲೆಯ ಮೇಲಿಟ್ಟು ಒಡೆದುಕೊಂಡು ಕುಂಬಾರರನ್ನು ಬೈಯುವವರಿದ್ದಾರೆ.

ಯಾವ ತಿಂಗಳಲ್ಲಿ ಹೋಗಬೇಕೆಂಬುದಕ್ಕೆ ಕುಂಬಾರರ ಪಂಚಾಂಗವೇ ಉತ್ತರ. ಸಂಕ್ರಾಂತಿ ಕಳೆದ ಮೇಲೆ ಯುಗಾದಿಯವರೆಗೆ ನೀರಿನ ಮಡಕೆಗಳ ಕಾಲ. ಆಗಲೇ ಮದುವೆಗಳಿಗೆ ಅರಿವೇಣಿಯ ಮಡಕೆಗಳ ಬೇಡಿಕೆಯೂ ಬರುತ್ತದೆ. ಆಮೇಲೆ ಗಣೇಶನ ಮೂರ್ತಿ, ಅದರ ಹಿಂದೆಯೇ ದೀಪಾವಳಿಯ ಹಣತೆ. ಕೋಲಾರದಲ್ಲಿ ಹೆಚ್ಚು ಮಳೆ ಬೀಳುವುದು ಸೆಪ್ಟೆಂಬರ್–ಅಕ್ಟೋಬರಿನಲ್ಲಿ, ಅಂದರೆ ಸರಿಯಾಗಿ ಹಣತೆ ಒಣಗಬೇಕಾದ ಹೊತ್ತಿಗೆ. ಹಣತೆ ಸಣ್ಣದು, ತೆಳು, ಅಟ್ಟದ ಮೇಲೂ ಒಣಗುತ್ತದೆ. ದೊಡ್ಡ ಮಡಕೆಗೆ ಅದು ಸಾಧ್ಯವಿಲ್ಲ. ಅಕ್ಟೋಬರಿನಲ್ಲಿ ಹೋಗಿ ‘ದೊಡ್ಡ ಮಡಕೆ ಯಾಕಿಲ್ಲ?’ ಎಂದು ಕೇಳಬಾರದು. ಫೆಬ್ರುವರಿ, ಮಾರ್ಚ್ ಎರಡೂ ಕಸುಬಿಗೆ ಒಳ್ಳೆಯ ತಿಂಗಳು, ನಡೆದಾಡುವವರಿಗೂ ಇನ್ನೂ ಬಿಸಿಲು ಅಷ್ಟು ಏರಿರುವುದಿಲ್ಲ.

ಮಡಕೆಯೊಳಗೆ ಒಣಹುಲ್ಲು ತುಂಬಿ, ಬಾಯಿಗೆ ಬಟ್ಟೆ ತುರುಕಿ, ಹೊರಗೆ ಕಂಬಳಿಯನ್ನು ಎರಡು ಸುತ್ತು ಸುತ್ತಿ ಕಟ್ಟಿದರೆ ಮಾಲೂರಿನಿಂದ ಬೆಂಗಳೂರಿಗೆ ರೈಲಿನಲ್ಲಿ ತೊಡೆಯ ಮೇಲಿಟ್ಟು ತರಬಹುದು. ಮೂರು ನಾಲ್ಕು ಬೇಕೆಂದರೆ ಅರ್ಧ ಹಣ ಮುಂಗಡ ಕೊಟ್ಟು ಮುಂದಿನ ಆವಿಗೆಗೆ ಹೇಳಿಟ್ಟು ಬನ್ನಿ. ಒಂದೇ ದಿನ ಎಲ್ಲವನ್ನೂ ಹೊತ್ತು ತರುವುದಕ್ಕಿಂತ ಇದು ವಾಸಿ, ಕುಂಬಾರರಿಗೂ ಸೌದೆಗೆ ಕೈಯಲ್ಲಿ ಕಾಸಿರುತ್ತದೆ.

ಮನೆಗೆ ತಂದ ಮಡಕೆಯನ್ನು ಒಂದು ದಿನ ನೀರಿನಲ್ಲಿ ಮುಳುಗಿಸಿಟ್ಟು, ಮೊದಲ ಎರಡು ದಿನದ ನೀರು ಚೆಲ್ಲಿ, ಆಮೇಲೆ ಕುಡಿಯಿರಿ. ಸೋಪು ಮುಟ್ಟಿಸಬಾರದು, ರಂಧ್ರಗಳು ಅದನ್ನು ಹೀರಿಕೊಳ್ಳುತ್ತವೆ. ಕೊಳವೆಬಾವಿಯ ಗಡಸು ನೀರಾದರೆ ಕೆಲವೇ ವಾರದಲ್ಲಿ ಹೊರಮೈಮೇಲೆ ಬಿಳಿ ಉಪ್ಪು ಕಟ್ಟುತ್ತದೆ, ತೆಂಗಿನ ನಾರಿನಿಂದ ಉಜ್ಜಿ ತೆಗೆಯಬೇಕು. ಮಡಕೆ ನೀರನ್ನು ‘ಶುದ್ಧ’ ಮಾಡುತ್ತದೆಂದು ಮಾರುವವರು ಹೇಳಿದರೆ ನಂಬಬೇಡಿ. ಕೋಲಾರದ ಅನೇಕ ಕೊಳವೆಬಾವಿಗಳಲ್ಲಿ ಇರುವ ಫ್ಲೋರೈಡ್ ಮಡಕೆಯಲ್ಲಿಟ್ಟರೆ ಹೋಗುವುದಿಲ್ಲ. ಕುದಿಸಿದರೂ ಹೋಗುವುದಿಲ್ಲ. ಫ್ಲೋರೈಡ್ ತೆಗೆಯುವ ಹಾಗೆ ಶೋಧಿಸಿದ ನೀರನ್ನೇ ಅದರಲ್ಲಿ ತುಂಬಿಸಬೇಕು. ಒಂದೆರಡು ಬೇಸಿಗೆ ಕಳೆದ ಮೇಲೆ ಉಪ್ಪು ಒಳಗೂ ಕೂತು ರಂಧ್ರ ಮುಚ್ಚಿ ನೀರು ಮೊದಲಿನಷ್ಟು ತಣ್ಣಗಾಗುವುದಿಲ್ಲ. ಆಗ ಅದನ್ನು ಹುಣಸೆಹಣ್ಣನ್ನೋ ಉಪ್ಪನ್ನೋ ತುಂಬಿಡಲು ಬಳಸಿ, ನೀರಿಗೆ ಬೇರೆಯದನ್ನು ತನ್ನಿ.